ಸಂದರ್ಶನದ ಆಡಿಯೊವನ್ನು 'ಕ್ಲೀನ್' ಮಾಡಲು ಕೊಡುವ ಮುನ್ನ ಇದನ್ನು ಓದಿ

ಫ್ಯಾನಿನ ಗುಂಯ್ ಸದ್ದು, ಗಾಳಿಯ ಸದ್ದು ತೆಗೆಸಲು ಸಂದರ್ಶನದ ಆಡಿಯೊವನ್ನು ಹೊರಗಿನವರಿಗೆ ಕೊಡುವವರು ಎರಡು ವಿಷಯ ನೋಡಿಕೊಳ್ಳಿ. ಮೂಲ ಫೈಲ್ ನಿಮ್ಮ ಬಳಿಯೇ ಉಳಿಯಲಿ. ಅವರು ಯಾವುದಾದ ಮೇಲೆ ಯಾವುದನ್ನು ಮಾಡುತ್ತಾರೆ ಎಂದು ಬಾಯಿಬಿಟ್ಟು ಕೇಳಿ. ನಮಗೆ ಈ ಕೆಲಸ ಮಾಡಿಕೊಟ್ಟವರ ಹೆಸರು ಹೇಳುವುದಿಲ್ಲ. ಅವರು ಮಾಡಿದ್ದೇನು ಎಂಬುದು ಗೊತ್ತಾದರೆ ಸಾಕು.

ಒಂದು ಕ್ಲಿಪ್ ಕೋಣೆಯೊಳಗಿನದು, ಉದ್ದಕ್ಕೂ ಸೀಲಿಂಗ್ ಫ್ಯಾನ್ ಓಡುತ್ತಿತ್ತು. ಇನ್ನೊಂದು ಬಯಲಿನಲ್ಲಿ ಮಾಡಿದ್ದು, ನಡುನಡುವೆ ಗಾಳಿ. ಸ್ವಚ್ಛವಾಗಿ ಬಂದ ಫೈಲಿನಲ್ಲಿ ಮಾತಿನ ನಡುವೆ ಪೂರ್ತಿ ನಿಶ್ಶಬ್ದ. ಕೇಳಿದವರೆಲ್ಲ ಖುಷಿಪಟ್ಟರು. ಕೊನೆಯ ಮಿಕ್ಸಿನಲ್ಲಿ ಮಾತಿನ ಮಟ್ಟ ಏರಿಸಿದಾಗ ಬಣ್ಣ ಬಯಲಾಯಿತು. ಪ್ರತಿ ಪದದ ಬಾಲಕ್ಕೆ ನೀರೊಳಗಿನ ಗುಳುಗುಳು ಸದ್ದು ಅಂಟಿಕೊಂಡಿತ್ತು. 'ಹಾಲು' ಎಂದದ್ದು 'ಆಲು' ಎಂದು ಕೇಳುತ್ತಿತ್ತು, 'ಸ', 'ಶ'ಗಳ ಅಂಚು ಸವೆದು ಹೋಗಿತ್ತು.

ಅವರು ಮೊದಲು ಕಂಪ್ರೆಸರ್ ಹಾಕಿ, ಆಮೇಲೆ ನಾಯ್ಸ್ ರಿಡಕ್ಷನ್ ಮಾಡಿದ್ದರು. ತೊಂದರೆಯ ಬೇರು ಇಲ್ಲಿದೆ. ಕಂಪ್ರೆಸರ್ ಮಾತು ಜೋರಾದಾಗ ಎಲ್ಲವನ್ನೂ ತಗ್ಗಿಸುತ್ತದೆ, ಮಾತು ನಿಂತಾಗ ಮತ್ತೆ ಬಿಡುತ್ತದೆ. ಹಾಗಾಗಿ ಒಂದೇ ಸಮನಿದ್ದ ಫ್ಯಾನ್ ಸದ್ದು ಮಾತಿನಡಿ ಕುಗ್ಗಿ, ಬಿಡುವಿನಲ್ಲಿ ಉಬ್ಬಿ, ಉಸಿರಾಡತೊಡಗುತ್ತದೆ. ಅಳಿಸಬೇಕಾದ ಸದ್ದಿನ ಮಾದರಿಯಾದ ನಾಯ್ಸ್ ಪ್ರೊಫೈಲ್ ತೆಗೆಯುವುದು ಬಿಡುವಿನ ಜಾಗದಿಂದ, ಅಂದರೆ ಸದ್ದು ಉಬ್ಬಿದ ಕಡೆಯಿಂದ. ಆ ಅಳತೆಯನ್ನೇ ಮಾತಿನ ಮೇಲೂ ಹೇರಿದರೆ, ಸದ್ದಿಗಿಂತ ಹೆಚ್ಚು ಮಾತೇ ಕತ್ತರಿಸಿಹೋಗುತ್ತದೆ. ಫ್ಯಾನಿನ ಗಾಳಿಯ ಸುಯ್ಯೆಂಬ ಭಾಗ ಮತ್ತು 'ಹ', 'ಸ'ಗಳ ಉಸಿರು ಒಂದೇ ಆವರ್ತನಗಳಲ್ಲಿ ಕೂತಿರುವುದರಿಂದ ಮೊದಲ ಪೆಟ್ಟು ಇವಕ್ಕೇ. ಇದರ ಮೇಲೆ ರಿಡಕ್ಷನ್ 24 ಡಿಬಿ ಇಟ್ಟಿದ್ದರು!

ಲೆಕ್ಕ ಸರಳ. ಮಾತು ಸುಮಾರು -18 ಡಿಬಿ, ಫ್ಯಾನ್ -45 ಡಿಬಿ ಎಂದುಕೊಳ್ಳಿ, ಅಂತರ 27. ಕಂಪ್ರೆಸರ್ ಮಾತನ್ನು 6 ಡಿಬಿ ಒತ್ತಿ, ನಾವು ಇಡೀ ಫೈಲನ್ನು ಅಷ್ಟೇ ಮೇಲಕ್ಕೆತ್ತಿದರೆ ಮಾತು ಇದ್ದಲ್ಲೇ ಇರುತ್ತದೆ, ಬಿಡುವಿನಲ್ಲಿ ಫ್ಯಾನ್ -39ಕ್ಕೆ ಏರುತ್ತದೆ. ಮೊದಲೇ 10 ಡಿಬಿ ತಗ್ಗಿಸಿದ್ದರೆ ಅದು -49ರಲ್ಲೇ ನಿಲ್ಲುತ್ತಿತ್ತು. ಅಷ್ಟಕ್ಕೆ ಕೇಳುಗರ ಗಮನ ಅತ್ತ ಹೋಗುವುದು ಕಡಿಮೆ. ಫ್ಯಾನನ್ನು ಪೂರ್ತಿ ಅಳಿಸುವ ಹಠವೇ ಬೇಡ ಎನ್ನುವುದು ನನ್ನ ಅಭಿಪ್ರಾಯ: ಸಮನಾದ ಸಣ್ಣ ಸದ್ದನ್ನು ಕಿವಿ ಬೇಗ ಮರೆಯುತ್ತದೆ, ಬಂದು ಹೋಗುವ ಗುಳುಗುಳುವನ್ನು ಮರೆಯುವುದಿಲ್ಲ.

ಮೂಲ ಫೈಲಿನಿಂದ ಮತ್ತೆ ಮಾಡಿಸಿದ ಕ್ರಮ ಹೀಗಿತ್ತು. ಮೊದಲು 90 ಹರ್ಟ್ಜ್‌ಗಿಂತ ಕೆಳಗಿನ ಸದ್ದನ್ನು ತಗ್ಗಿಸುವ ಹೈಪಾಸ್. ಗಂಡು ದನಿ ತೀರಾ ತೆಳುವಾದರೆ ಇದನ್ನು ಇಳಿಸಬೇಕು. ಆಮೇಲೆ ಮಾತೇ ಇಲ್ಲದ ಒಂದೆರಡು ಸೆಕೆಂಡಿನಿಂದ ಪ್ರೊಫೈಲ್, ರಿಡಕ್ಷನ್ 10 ಡಿಬಿ ಒಳಗೆ. ಕಂಪ್ರೆಸರ್ ಕೊನೆಗೆ. ಪ್ರೊಫೈಲ್ ಪ್ರತಿ ಕ್ಲಿಪ್ಪಿಗೂ ಅದರದ್ದೇ ಆಗಿರಬೇಕು, ಏಕೆಂದರೆ ಫ್ಯಾನಿನ ವೇಗ ಅಥವಾ ಮೈಕಿನ ಜಾಗ ಬದಲಾದರೆ ಸದ್ದಿನ ಗುಣವೂ ಬದಲಾಗುತ್ತದೆ. ಪ್ರೊಫೈಲ್ ಇಲ್ಲದೆ ಬೇಗ ಪರೀಕ್ಷಿಸಬೇಕಿದ್ದರೆ:

```
ffmpeg -i in.wav -af "highpass=f=90,afftdn=nr=10:nf=-45" out.wav
```

ಇಲ್ಲಿ nr ಎಷ್ಟು ತಗ್ಗಿಸಬೇಕೆಂಬುದು, nf ಸದ್ದಿನ ಮಟ್ಟ ಎಲ್ಲಿದೆ ಎಂಬುದು.

ಹೆಚ್ಚಾಯಿತೋ ಇಲ್ಲವೋ ಎಂದು ತಿಳಿಯಲು ತೆಗೆದುಹಾಕಿದ್ದನ್ನೇ ಕೇಳಿ. ಆಡಾಸಿಟಿಯ Noise Reduction ಕಿಟಕಿಯಲ್ಲಿ Residue ಆರಿಸಿದರೆ ಅದು ಮಾತ್ರ ಕೇಳಿಸುತ್ತದೆ. ಅದರಲ್ಲಿ ಬರೀ ಫ್ಯಾನ್ ಇರಬೇಕು. ಪದಗಳು ಅರ್ಥವಾಗುವಷ್ಟು ಕೇಳಿದರೆ ದನಿಯನ್ನೂ ಕಸದ ಬುಟ್ಟಿಗೆ ಹಾಕುತ್ತಿದ್ದೀರಿ ಎಂದೇ ಲೆಕ್ಕ. Residue ಹಾಗೆಯೇ ಬಿಟ್ಟು ಅನ್ವಯಿಸಿಬಿಡಬೇಡಿ, ಕಸವೇ ಉಳಿಯುತ್ತದೆ.

ಗಾಳಿಯ ಕ್ಲಿಪ್ಪಿನ ಕಥೆ ಬೇರೆ. ಗಾಳಿ ಮೈಕಿಗೆ ನೇರ ಬಡಿದು ಹುಟ್ಟುವ ಗುಡುಗುಡು ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಪ್ರೊಫೈಲ್ ಅದಕ್ಕೆ ಹೊಂದುವುದೇ ಇಲ್ಲ. ಅಲ್ಲೂ ಫ್ಯಾನಿನ ಪ್ರೊಫೈಲನ್ನೇ ಹಚ್ಚಿದ್ದರು. ಗಾಳಿ ಇದ್ದ ತುಣುಕುಗಳನ್ನಷ್ಟೇ ಆರಿಸಿ ಹೈಪಾಸನ್ನು 120ರವರೆಗೆ ಏರಿಸಿದಾಗ ಬಹಳ ಮಟ್ಟಿಗೆ ಸರಿಹೋಯಿತು. ಆದರೆ ಒಂದೆರಡು ಕಡೆ ಅಲೆಯ ತುದಿ ಕತ್ತಿಯಿಂದ ಕೊಯ್ದಂತೆ ಚಪ್ಪಟೆಯಾಗಿತ್ತು. ಗಾಳಿಯ ರಭಸಕ್ಕೆ ರೆಕಾರ್ಡಿಂಗೇ ಮಿತಿ ಮೀರಿ ಕ್ಲಿಪ್ ಆಗಿ, ಅದರೊಂದಿಗೆ ಮಾತೂ ಒಡೆದಿತ್ತು. ಅದಕ್ಕೆ ಫಿಲ್ಟರಿನಲ್ಲಿ ಪರಿಹಾರವಿಲ್ಲ. ಆ ಎರಡು ವಾಕ್ಯಗಳನ್ನು ಬಿಟ್ಟು, ಅದೇ ಉತ್ತರದ ಉಳಿದ ಭಾಗವನ್ನು ಜೋಡಿಸಿ, ಜೋಡಣೆಯ ಅಡಿಯಲ್ಲಿ ಅದೇ ಜಾಗದ ಖಾಲಿ ಸದ್ದನ್ನು ತೆಳುವಾಗಿ ಓಡಿಸಿದೆವು.