ಕಾವಲಿಗೆ ನಾಲ್ಕು ಸ್ಟಾರ್, ಜೊತೆಗೆ ಬಂದ ಚೀಟಿಗೆ ಎರಡೂವರೆ

ಕಾವಲಿ ತಗೊಂಡು 1 ವರ್ಷ 8 ತಿಂಗಳಾಯ್ತು. ಬೀಡಿನ ಕಾವಲಿ, 11 ಇಂಚು, ಸೈಜು ತೂಕ ಎಲ್ಲಾ ಮೇಲೆ ಕಂಪನಿಯವ್ರೇ ಹಾಕಿದಾರೆ ನೋಡ್ಕೊಳ್ಳಿ. ದೋಸೆ ಚೆನ್ನಾಗ್ ಬರುತ್ತೆ. ಅಷ್ಟೇ ಹೇಳಿ ಮುಗಿಸ್ಬಹುದಿತ್ತು, ಆದ್ರೆ ನಾನು ಇವತ್ತು ಬರೀತಿರೋದು ಆ ಡಬ್ಬದಲ್ಲಿ ಕಾವಲಿ ಜೊತೆ ಬಂದಿದ್ದ ಚೀಟಿ ಬಗ್ಗೆ, ಯಾಕಂದ್ರೆ ಈ ಒಂದೂಮುಕ್ಕಾಲು ವರ್ಷದಲ್ಲಿ ಕಾವಲಿ ನನಗೆ ಕೊಟ್ಟ ಖುಷಿ, ಕೊಟ್ಟ ತಲೆನೋವು ಎರಡೂ ಆ ಚೀಟಿಯಿಂದಾನೇ ಬಂದಿದ್ದು.

ಡಬ್ಬ ಬಿಚ್ಚಿದಾಗ ಮೊದ್ಲು ಕಂಡಿದ್ದು ಅದೇ. ಅಂಗೈ ಅಗಲದ ದಪ್ಪ ಕಾಗದ, ಒಂದ್ ಕಡೆ ಥ್ಯಾಂಕ್ಸ್, ಇನ್ನೊಂದ್ ಕಡೆ ಆರು ಸಾಲು ಕನ್ನಡದಲ್ಲಿ. ಸೋಪಲ್ಲಿ ನೆನೆಸಿಡಬೇಡಿ, ನೀರಲ್ಲಿ ಬಿಡಬೇಡಿ, ಬಿಸಿ ಕಾವಲಿಗೆ ತಣ್ಣೀರು ಸುರೀಬೇಡಿ, ಹುಣಸೆ ಟೊಮೆಟೊ ಹಾಕಿದ್ದನ್ನ ಇದ್ರಲ್ಲಿ ಕುದಿಸಬೇಡಿ, ತೊಳೆದು ಒಣಗಿಸಿ ಎಣ್ಣೆ ಸವರಿ ಇಡಿ. ಕೊನೇ ಸಾಲು ಮಾತ್ರ ಅಚ್ಚಲ್ಲ, ಯಾರೋ ಪೆನ್ನಲ್ಲಿ ಬರೆದಿದ್ರು: "ಮೊದಲ ಮೂರು ದೋಸೆ ಕಿತ್ತುಹೋದರೆ ಬೇಜಾರಾಗಬೇಡಿ." ನಿಜ ಹೇಳ್ಬೇಕಂದ್ರೆ ಆ ಒಂದು ಸಾಲು ಇಲ್ದಿದ್ರೆ ನಾನು ಮೊದಲನೇ ವಾರಾನೇ ವಾಪಸ್ ಕಳಿಸ್ತಿದ್ದೆ. ಮೊದಲ ಮೂರಲ್ಲ, ಐದು ಹೋಯ್ತು. ಐದನೇದು ಕಾವಲಿಗೆ ಅಂಟ್ಕೊಂಡು ನಕ್ಷೆ ಥರ ಆಗಿತ್ತು, ನಾನು ಚೀಟಿ ನೋಡ್ದೆ, ಸರಿ ಇವ್ರು ಮೊದ್ಲೇ ಹೇಳಿದಾರಲ್ಲ ಅಂತ ಸುಮ್ನಾದೆ. ಆರನೇದು ಅಂಚು ತಾನಾಗೇ ಎದ್ದು ಬಂತು.

ಈಗ ಬೆಳಿಗ್ಗೆ ಅದೊಂದು ಪೂಜೆ ಥರ ಆಗ್ಬಿಟ್ಟಿದೆ. ಸಣ್ಣ ಉರಿಯಲ್ಲಿ ಕಾವಲಿ ಇಟ್ಟು ಅಷ್ಟರಲ್ಲಿ ಚಟ್ನಿ ರುಬ್ಕೊಂಡ್ರೆ ಕಾಯೋದು ಸರಿಹೋಗುತ್ತೆ. ಎರಡು ಹನಿ ನೀರು ಹಾಕಿ ನೋಡೋದು, ಚುಂಯ್ ಅಂತ ಅಲ್ಲೇ ಆರಿದ್ರೆ ಸರಿ, ಹನಿ ಗೋಲಿ ಥರ ಓಡಾಡ್ತಾ ಇದ್ರೆ ಜಾಸ್ತಿ ಕಾದಿದೆ ಅಂತ, ಆಗ ಉರಿ ಕಮ್ಮಿ ಮಾಡಿ ಒಂಚೂರು ನಿಲ್ಲಬೇಕು, ಇಲ್ಲಾಂದ್ರೆ ಹಿಟ್ಟು ಸೌಟಿಗೇ ಸುತ್ಕೊಂಡು ಬರುತ್ತೆ, ಹರಡೋಕೆ ಬರಲ್ಲ. ಆಮೇಲೆ ಅರ್ಧ ಈರುಳ್ಳಿನ ಫೋರ್ಕಿಗೆ ಚುಚ್ಚಿ ಎಣ್ಣೆಗೆ ಮುಟ್ಟಿಸಿ ಒಂದ್ ಸುತ್ತು ಉಜ್ಜೋದು. ಆ ವಾಸನೆಗೆ ನಮ್ಮೆಜಮಾನ್ರು ಪೇಪರ್ ಮಡಚಿಟ್ಟು ಬರ್ತಾರೆ, ಕರೆಯೋದೇ ಬೇಡ.

ಸರಿ, ಹೊಗಳಿದ್ದು ಸಾಕು, ಈಗ ಜಗಳಕ್ಕೆ ಬರೋಣ.

"ಎಣ್ಣೆ ಸವರಿ ಇಡಿ." ಎಷ್ಟು? ಯಾವಾಗ, ಬಿಸಿ ಇದ್ದಾಗ್ಲೋ ಆರಿದ್ಮೇಲೋ? ಯಾವ ಎಣ್ಣೆ? ಒಂದೂ ಇಲ್ಲ. ನಾನು ಪಾಪ ಭಕ್ತಿಯಿಂದ ದಿನಾ ತೊಳೆದು ಬಟ್ಟೇಲಿ ಒರೆಸಿ ಒಂದು ಚಮಚ ಕೊಬ್ಬರಿ ಎಣ್ಣೆ ಹಾಕಿ ಚೆನ್ನಾಗಿ ಬಳಿದು ಇಡ್ತಿದ್ದೆ. ಫಳಫಳ ಹೊಳೀತಿತ್ತು, ನೋಡೋಕೆ ಖುಷಿ. ಆಮೇಲೆ ಹತ್ತು ದಿನ ಊರಿಗೆ ಹೋಗಿ ಬಂದ್ವಿ. ಬಂದು ಮುಟ್ಟಿದ್ರೆ ಎಣ್ಣೆ ಮೇಲೆ ಧೂಳು ಕೂತು ಕೈಗೆ ಅಂಟುತ್ತೆ, ಮೂಗಿನ ಹತ್ರ ಹಿಡಿದ್ರೆ ಕಮಟು ವಾಸನೆ, ಒಂದು ಜಿರಲೆ ಬೇರೆ ಸಂಸಾರ ಹೂಡೋಕೆ ಜಾಗ ನೋಡ್ತಾ ಇತ್ತು. ಅವತ್ತು ಹೊಯ್ದ ದೋಸೆ ಪೂರ್ತಿ ಹಳೇ ಎಣ್ಣೆ ರುಚಿ.

ಸಾಗರಕ್ಕೆ ಅಮ್ಮಂಗೆ ಫೋನ್ ಮಾಡಿ ಚೀಟಿ ಓದಿ ಹೇಳ್ದೆ. ಅಮ್ಮ ನಕ್ಕು, "ಕಾವ್ಲಿಗೆ ಎಣ್ಣೆ ಹಚ್ಚೋದಲ್ಲ ಮಾರಾಯ್ತಿ, ಹಚ್ಚಿ ಒರೆಸೋದು. ಒರೆಸಿದ್ಮೇಲೆ ಎಣ್ಣೆ ಇದೆಯೋ ಇಲ್ವೋ ಅಂತ ನಿಂಗೇ ಅನುಮಾನ ಬರ್ಬೇಕು" ಅಂದ್ಲು. ಇಷ್ಟು ಮಾತು ಆ ಚೀಟೀಲಿ ಇರ್ಬೇಕಿತ್ತು, ಅಲ್ವಾ? ಅರ್ಧ ಸಾಲು ಜಾಸ್ತಿ ಆಗ್ತಿತ್ತು ಅಷ್ಟೇ. ವಿಷಯ ಏನಂದ್ರೆ ಕಾವಲಿ ಮೇಲೆ ಕಪ್ಪಗೆ ನುಣ್ಣಗೆ ಕಾಣೋದು ಬಣ್ಣ ಅಲ್ಲ, ಎಣ್ಣೇನೇ ಬಿಸಿಗೆ ಗಟ್ಟಿಯಾಗಿ ಕಬ್ಬಿಣಕ್ಕೆ ಕಚ್ಕೊಂಡಿರೋ ಪದರ. ತೆಳ್ಳಗಿದ್ದು ಚೆನ್ನಾಗಿ ಕಾದ್ರೆ ಗಟ್ಟಿಯಾಗುತ್ತೆ. ದಪ್ಪಗಿದ್ರೆ ಸರಿಯಾಗಿ ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತೆ. ಕಾಯಿಸ್ದೇ ಸುಮ್ನೆ ಬಳಿದಿಟ್ರೆ ಬರೀ ಹಸಿ ಎಣ್ಣೆ, ನಿಧಾನಕ್ಕೆ ಕಮಟಾಗುತ್ತೆ. ಕೊಬ್ಬರಿ ಎಣ್ಣೆ ಈ ಥರ ಗಟ್ಟಿ ಪದರ ಕಟ್ಟೋದ್ರಲ್ಲಿ ಹಿಂದೆ, ಸೂರ್ಯಕಾಂತಿ ಎಣ್ಣೆ ಪರವಾಗಿಲ್ಲ ಅನ್ನೋದೂ ನನಗೆ ಆಮೇಲೇ ಗೊತ್ತಾಗಿದ್ದು.

ಎರಡನೇ ಅವಾಂತರ ಇನ್ನೂ ದೊಡ್ಡದು, ಅದಕ್ಕೂ ಚೀಟೀನೇ ಕಾರಣ ಅಂತೀನಿ ನಾನು. ಚೀಟಿ ಓದಿದ್ದು ನಾನು, ಫ್ರಿಜ್ ಮೇಲೆ ಮ್ಯಾಗ್ನೆಟ್ ಹಾಕಿ ಇಟ್ಟಿದ್ದೂ ನಾನು. ಆದ್ರೆ ಮನೇಲಿ ಪಾತ್ರೆ ತೊಳೆಯೋರು ಬೇರೆ! ಒಂದಿನ ನಂಗೆ ಜ್ವರ ಅಂತ ಮಲಗಿದ್ದೆ, ಕೆಲ್ಸಕ್ಕೆ ಬರೋರು ಕಾವಲಿನ ಸ್ಟೀಲ್ ನಾರಲ್ಲಿ ಪಾತ್ರೆ ಸೋಪು ಹಾಕಿ ಮುಕ್ಕಾಲು ಗಂಟೆ ಉಜ್ಜಿದಾರೆ. ರೂಮಿನ ಬಾಗಿಲಿಗೆ ಬಂದು "ಅಕ್ಕಾ, ಎಷ್ಟು ಉಜ್ಜಿದ್ರೂ ಕರಿ ಪೂರ್ತಿ ಹೋಗ್ಲಿಲ್ಲ, ನೀರಲ್ಲಿ ನೆನೆ ಹಾಕಿದೀನಿ, ನಾಳೆ ಇನ್ನೊಂದ್ ಸಲ ನೋಡ್ತೀನಿ" ಅಂದ್ರು. ಅವ್ರದ್ದೇನು ತಪ್ಪು, ಕೊಳೆ ಅನ್ಕೊಂಡು ಪ್ರೀತಿಯಿಂದ ತೆಗೆದಿದಾರೆ. ಬೆಳಿಗ್ಗೆ ನೋಡಿದ್ರೆ ನಡುವೆ ಬೂದಿ ಬಣ್ಣ, ಸುತ್ತ ಅರಿಶಿನ ಕುಂಕುಮ ಕಲಸಿದಂಗೆ ತುಕ್ಕು.

ಬಿಸಾಕೋದೇನೂ ಬೇಕಾಗಿಲ್ಲ, ಇದು ಗೊತ್ತಿರ್ಲಿ ಅಂತ ಬರೀತೀನಿ. ಕಲ್ಲುಪ್ಪು ಹಾಕಿ ಅದೇ ಸ್ಟೀಲ್ ನಾರಲ್ಲಿ ತುಕ್ಕು ಪೂರ್ತಿ ಹೋಗೋವರ್ಗೂ ಉಜ್ಜಿದೆ, ಬಿಳೀ ಬಟ್ಟೇಲಿ ಒರೆಸಿದ್ರೆ ಕೆಂಪು ಬರ್ಬಾರ್ದು, ಸ್ವಲ್ಪ ಕಪ್ಪು ಬಂದ್ರೆ ಚಿಂತೆ ಇಲ್ಲ. ತೊಳೆದ ತಕ್ಷಣ ಒಲೆ ಮೇಲಿಟ್ಟು ನೀರಿನ ಪಸೆ ಪೂರ್ತಿ ಆರಿಸ್ದೆ. ಬೆಚ್ಚಗಿರುವಾಗ್ಲೇ ಅರ್ಧ ಟೀ ಚಮಚ ಸೂರ್ಯಕಾಂತಿ ಎಣ್ಣೆ, ಹಿಂದೆ ಮುಂದೆ ಹಿಡಿ ಎಲ್ಲಾ ಸವರಿ, ಒಣ ಬಟ್ಟೆ ತಗೊಂಡು ತಪ್ಪಿ ಹಚ್ಚಿಬಿಟ್ಟಿದೀನೇನೋ ಅನ್ನೋ ಹಂಗೆ ಒರೆಸಿ ತೆಗೆದೆ. ಕಿಟಕಿ ತೆಗೆದು, ಮಧ್ಯಮ ಉರಿಯಲ್ಲಿ ಹೊಗೆ ಬಂದು ಆ ಹೊಗೆ ನಿಲ್ಲೋವರ್ಗೂ ಬಿಟ್ಟೆ, ನಮ್ಮ ಒಲೇಲಿ ಹತ್ರ ಹತ್ರ ಇಪ್ಪತ್ತು ನಿಮಿಷ ಹಿಡೀತು, ದೊಡ್ಡ ಕಾವಲಿ ಆದ್ರಿಂದ ಮಧ್ಯೆ ಮಧ್ಯೆ ಜರುಗಿಸ್ತಾ ಇರ್ಬೇಕು, ಇಲ್ಲಾಂದ್ರೆ ನಡು ಮಾತ್ರ ಪಳಗುತ್ತೆ. ತಾನಾಗೇ ಆರಿದ್ಮೇಲೆ ಬೆರಳಿಟ್ಟು ನೋಡ್ದೆ, ಅಂಟ್ಲಿಲ್ಲ. ಹೀಗೆ ಮೂರು ಸಲ. ಆಮೇಲೂ ಒಂದು ವಾರ ದೋಸೆ ಬಿಟ್ಟು ಈರುಳ್ಳಿ ಹುರಿಯೋದು, ಪಲ್ಯಕ್ಕೆ ಒಗ್ಗರಣೆ, ಇಂಥದ್ದಕ್ಕೇ ಬಳಸಿದೆ, ಎಂಟನೇ ದಿನ ದೋಸೆ ಎದ್ದು ಬಂತು.

ಇನ್ನೊಂದು, ಚೀಟೀಲಿ ದೋಸೆ ಚಪಾತಿ ಎರಡಕ್ಕೂ ಅಂತಿದೆ. ಆಗುತ್ತೆ, ಆದ್ರೆ ನಮ್ಮನೇಲಿ ರಾತ್ರಿ ಚಪಾತಿ ಮಾಡಿದ ಮಾರನೇ ದಿನ ದೋಸೆ ಕಿತ್ತುಬರೋದು ಗ್ಯಾರಂಟಿ. ಉದುರಿದ ಒಣ ಹಿಟ್ಟು ಸೀದು ಕೂತಿರುತ್ತೆ, ಎಣ್ಣೆ ಇಲ್ದೇ ಅಷ್ಟೊತ್ತು ಕಾದಿರುತ್ತೆ. ನಾನು ಚಪಾತಿಗೆ ಹಳೇ ತವಾನೇ ವಾಪಸ್ ತಂದೆ.

ಈಗ ಆ ಚೀಟಿ ಇನ್ನೊಂದ್ ಮುಖ. "30 ದಿನದೊಳಗೆ ಮತ್ತೆ ಆರ್ಡರ್ ಮಾಡಿ, 15% ರಿಯಾಯಿತಿ." ಸ್ವಾಮಿ, ನೀವು ಮಾರಿರೋದು ಸೋಪಲ್ಲ, ಬೀಡಿನ ಕಾವಲಿ! ನಮ್ಮಜ್ಜಿ ಕಾವಲಿ ಇನ್ನೂ ಅಮ್ಮನ ಹತ್ರ ಇದೆ. ತಿಂಗಳೊಳಗೆ ಇನ್ನೊಂದು ತಗೊಂಡು ನಾನೇನು ಹೋಟ್ಲು ಇಡ್ಲಾ? ಮೊದಲ ತಿಂಗಳು ನಂದಿನ್ನೂ ಕಿತ್ತುಹೋದ ದೋಸೆ ತಿನ್ನೋ ಟೈಮು, ಇನ್ನೊಂದು ಕೊಳ್ಳೋ ಮೂಡ್ ಎಲ್ಲಿಂದ ಬರ್ಬೇಕು. ಅದೇ ಕೂಪನ್ನಿಗೆ ತಾರೀಖು ಹಾಕ್ದೇ "ನಿಮ್ಮ ಅಕ್ಕ ತಂಗಿಗೆ ಕೊಡಿ" ಅಂದಿದ್ರೆ ನನ್ನ ನಾದಿನಿ ಒಂದು, ಪಕ್ಕದ್ಮನೆಯವ್ರು ಒಂದು ತಗೋತಿದ್ರು, ಇಬ್ರೂ ನಮ್ಮನೆ ದೋಸೆ ತಿಂದು ಎಲ್ಲಿ ತಗೊಂಡ್ರಿ ಅಂತ ಕೇಳಿದವ್ರೇ.

ನಾನು ಮತ್ತೆ ಕೊಂಡಿದ್ದು 14 ತಿಂಗಳಾದ್ಮೇಲೆ, ಪಡ್ಡಿನ ಕಾವಲಿ. ಫ್ರಿಜ್ ಮೇಲಿದ್ದ ಆ ಚೀಟಿ ನೋಡೇ ಕೊಂಡೆ, ಅಂಗಡಿ ಹೆಸರು ಅದ್ರಲ್ಲಿ ಬಿಟ್ರೆ ನಂಗೆಲ್ಲೂ ನೆನಪಿರ್ಲಿಲ್ಲ, ಹಾಗಾಗಿ ಚೀಟಿ ಕೆಲ್ಸ ಮಾಡಿದೆ ಅನ್ನಿ. ಪೂರ್ತಿ ರೇಟು ಕೊಟ್ಟೆ. ಈ ಸಲ ಬಂದ ಚೀಟಿ ನೋಡಿ ಬೇಜಾರಾಯ್ತು. ಮಿರಮಿರ ಹೊಳೆಯೋ ಕಾರ್ಡು, ದೊಡ್ಡದಾಗಿ ಐದು ಸ್ಟಾರ್ ಚಿತ್ರ, ರಿವ್ಯೂ ಹಾಕಿ ಸ್ಕ್ರೀನ್‌ಶಾಟ್ ವಾಟ್ಸಾಪ್ ಮಾಡಿದ್ರೆ 100 ರೂಪಾಯಿ ಅಂತೆ. ಬಳಸೋದು ಹೇಗೆ ಅನ್ನೋದಕ್ಕೆ ಒಂದು ಕ್ಯೂಆರ್ ಕೋಡು, ಸ್ಕ್ಯಾನ್ ಮಾಡಿದ್ರೆ ವಿಡಿಯೋ, ಅದೂ ದೋಸೆ ಕಾವಲಿದೇ. ಕೈಯೆಲ್ಲಾ ಎಣ್ಣೆ ಆಗಿರುವಾಗ ಯಾರ್ರೀ ಫೋನ್ ಹಿಡ್ಕೊಂಡು ನಿಲ್ತಾರೆ. ಪಡ್ಡಿನ ಕಾವಲಿಗೆ ಹೇಳ್ಬೇಕಾಗಿದ್ದೇ ಬೇರೆ, ಎಣ್ಣೆ ಪ್ರತಿ ಗುಳಿ ತಳಕ್ಕೂ ಇಳಿದು ನಿಲ್ಲುತ್ತೆ, ಬಟ್ಟೆ ಬೆರಳಿಗೆ ಸುತ್ಕೊಂಡು ಒಂದೊಂದೇ ಗುಳಿ ಒರೆಸಿ ಕಾಯಿಸ್ದೇ ಇದ್ರೆ ತಳದಲ್ಲಿ ಅಂಟು ಕಟ್ಟಿ ಪಡ್ಡು ಅಲ್ಲೇ ಕೂತ್ಬಿಡುತ್ತೆ, ಕಡ್ಡಿ ಹಾಕಿ ಎಬ್ಬಿಸಿದ್ರೆ ಮೇಲಿನ ಅರ್ಧ ಮಾತ್ರ ಬರುತ್ತೆ. ಪೆನ್ನಲ್ಲಿ ಬರೆಯೋರು ಕೆಲ್ಸ ಬಿಟ್ರೋ ಏನೋ.

ಹಳೇ ಚೀಟಿ ಹಿಂದೆ ಥ್ಯಾಂಕ್ಸ್ ಕೆಳಗೆ ಜಾಗ ಇತ್ತು. ಅಲ್ಲಿ ಮಾರ್ಕರಲ್ಲಿ ನಾನೇ ಬರೆದೆ: ಕರಿ ಕೊಳೆ ಅಲ್ಲ, ಸ್ಟೀಲ್ ನಾರು ಬೇಡ, ಒಲೆ ಮೇಲೆ ಒಣಗಿಸಿ, ಎಣ್ಣೆ ಹಚ್ಚಿ ಒರೆಸಿ. ಫ್ರಿಜ್‌ನಿಂದ ತೆಗೆದು ಸಿಂಕ್ ಮೇಲಿನ ಟೈಲ್ಸಿಗೆ ಟೇಪ್ ಹಾಕಿದೀನಿ. ಕೆಲ್ಸಕ್ಕೆ ಬರೋರು ಓದಿ "ಇಷ್ಟೇನಾ ಅಕ್ಕಾ, ಮೊದ್ಲೇ ಹೇಳ್ಬಾರ್ದಿತ್ತಾ" ಅಂದ್ರು, ಆಮೇಲೆ ಒಂದಿನಾನೂ ತುಕ್ಕು ಕಂಡಿಲ್ಲ. ಅದ್ರ ಫೋಟೋ ತೆಗೆದು ಕಾರ್ಡಲ್ಲಿದ್ದ ವಾಟ್ಸಾಪ್ ನಂಬರಿಗೆ ಕಳಿಸಿ, ಮುಂದಿನ ಸಲ ಹೀಗೆ ಅಚ್ಚು ಹಾಕ್ಸಿ ಅಂದೆ. ಹೆಬ್ಬೆರಳು ತೋರ್ಸಿ ಒಂದು ಕೂಪನ್ ಕಳಿಸಿದಾರೆ. 30 ದಿನದ್ದು.