ಕ್ರಿಯೇಟಿನ್ ಮೊನೊಹೈಡ್ರೇಟ್: ವರ್ಷ ದಾಟಿದ ಬಳಕೆ, ಜೊತೆಗೊಂದು ರಕ್ತ ಪರೀಕ್ಷೆ

ಸ್ನಾಯುಗಳಿಗೆ ಶಕ್ತಿ ಒದಗಿಸಲು ನೆರವಾಗುವ ಕ್ರಿಯೇಟಿನ್ ಪುಡಿಯನ್ನು ಜಿಮ್‌ಗೆ ಸೇರಿ ಕೆಲವು ತಿಂಗಳಾದ ಮೇಲೆ ಶುರು ಮಾಡಿದ್ದು, ಈಗ ವರ್ಷ ದಾಟಿದೆ. ಫ್ಲೇವರ್ ಇಲ್ಲದ ಸಾದಾ ಪುಡಿಯನ್ನೇ ತರಿಸುತ್ತೇನೆ. ಡಬ್ಬಿಯ ಹಿಂದೆ ಕ್ರಿಯೇಟಿನ್ ಮೊನೊಹೈಡ್ರೇಟ್ ಬಿಟ್ಟು ಬೇರೇನೂ ಬರೆದಿರಬಾರದು. ದುಬಾರಿ ಬಗೆಗಳು ಇದಕ್ಕಿಂತ ಮೇಲು ಅಂತ ಎಲ್ಲೂ ಸಾಬೀತಾಗಿಲ್ಲ.

ದಿನಕ್ಕೆ 3ರಿಂದ 5 ಗ್ರಾಂ ಸಾಕು, ಜಿಮ್‌ಗೆ ಹೋಗದ ದಿನವೂ ತಗೋಬೇಕು. ಹೊತ್ತು ಯಾವುದಾದರೂ ನಡೆಯುತ್ತದೆ. ತಣ್ಣೀರಲ್ಲಿ ಪುಡಿ ಮರಳಿನ ಹಾಗೆ ತಳದಲ್ಲಿ ಕೂರುತ್ತದೆ, ಬೆಚ್ಚಗಿನ ನೀರಲ್ಲಿ ಚೆನ್ನಾಗಿ ಕರಗುತ್ತದೆ.

ಲೋಡಿಂಗ್ ಅಂದರೆ ದಿನಕ್ಕೆ 20 ಗ್ರಾಂ, ನಾಲ್ಕು ಸಲಕ್ಕೆ ಹಂಚಿ, 5ರಿಂದ 7 ದಿನ. ಸ್ನಾಯುಗಳಲ್ಲಿ ಕ್ರಿಯೇಟಿನ್ ಬೇಗ ತುಂಬಿಕೊಳ್ಳುತ್ತದೆ, ಅಷ್ಟೇ ಲಾಭ. ದಿನಾ 3 ಗ್ರಾಂ ತಗೊಂಡರೂ ನಾಲ್ಕು ವಾರಕ್ಕೆ ಅಲ್ಲಿಗೇ ಮುಟ್ಟುತ್ತದೆ. ಒಟ್ಟಿಗೆ ಜಾಸ್ತಿ ತಗೊಂಡರೆ ಕೆಲವರಿಗೆ ಹೊಟ್ಟೆ ಕೆಡುತ್ತದೆ, ಹಾಗಾಗಿ ನಾನು ಲೋಡಿಂಗ್ ಗೋಜಿಗೆ ಹೋಗಲಿಲ್ಲ. ಮೊದಲ ತಿಂಗಳಲ್ಲಿ ತೂಕ ಒಂದು ಕಿಲೋದಷ್ಟು ಏರಿತು. ಅದು ಬಹುಪಾಲು ಸ್ನಾಯುವಿನೊಳಗೆ ಸೇರುವ ನೀರು, ಕೊಬ್ಬಲ್ಲ. ಮುಖ ಊದಲಿಲ್ಲ, ಬೆಲ್ಟ್ ಹಳೇ ತೂತಿನಲ್ಲೇ ಇತ್ತು. ಡಂಬೆಲ್ ಪ್ರೆಸ್‌ನಲ್ಲಿ ಕೊನೆಗೆ ಇನ್ನೂ ಒಂದೆರಡು ರೆಪ್ ಬರತೊಡಗಿದವು. ನಾನು ಸಸ್ಯಾಹಾರಿ. ಕ್ರಿಯೇಟಿನ್ ಸಿಗುವುದು ಮಾಂಸ, ಮೀನಿನಲ್ಲಿ. ಹಾಗಾಗಿ ನಮ್ಮಂಥವರ ಸ್ನಾಯುವಿನಲ್ಲಿ ಅದರ ದಾಸ್ತಾನು ಕಡಿಮೆ ಇರುತ್ತದೆ.

ಇನ್ನು ಕಿಡ್ನಿ ವಿಷಯ. ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ನನ್ನ ಕ್ರಿಯಾಟಿನಿನ್ 1.4 ಬಂತು, ಲ್ಯಾಬಿನ ಮಿತಿ 1.3. ಪಕ್ಕದಲ್ಲೇ ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು, ಅಂದರೆ ಇಜಿಎಫ್‌ಆರ್, 68 ಅಂತ ಇತ್ತು. ಮನೆಯವರು ಗಾಬರಿಯಾದರು. ಕ್ರಿಯೇಟಿನ್ ಸವೆದು ಆಗುವ, ಕಿಡ್ನಿ ಹೊರಹಾಕುವ ಕಸವೇ ಕ್ರಿಯಾಟಿನಿನ್. ಪುಡಿ ತಗೊಳ್ಳುವವರಲ್ಲಿ ಕಿಡ್ನಿ ಸರಿಯಾಗಿದ್ದರೂ ಅದು ಸ್ವಲ್ಪ ಏರಬಹುದು. ಇಜಿಎಫ್‌ಆರ್ ಅನ್ನು ಬೇರೆಯಾಗಿ ಅಳೆದಿರುವುದಿಲ್ಲ, ಅದೇ ಕ್ರಿಯಾಟಿನಿನ್‌ಗೆ ವಯಸ್ಸು, ಲಿಂಗ ಸೇರಿಸಿ ಲೆಕ್ಕ ಹಾಕಿರುತ್ತಾರೆ. ಹಾಗಾಗಿ ಒಂದು ಏರಿದರೆ ಇನ್ನೊಂದು ತಾನಾಗಿ ಇಳಿಯುತ್ತದೆ, ಅವು ಎರಡು ಬೇರೆ ಸಾಕ್ಷಿಗಳಲ್ಲ. ಡಾಕ್ಟರಿಗೆ ಪುಡಿಯ ವಿಷಯ ಹೇಳಿದೆ. ಅವರು ಸಿಸ್ಟಾಟಿನ್ ಸಿ ಮತ್ತು ಮೂತ್ರದಲ್ಲಿ ಆಲ್ಬುಮಿನ್ ಪರೀಕ್ಷೆ ಬರೆದುಕೊಟ್ಟರು. ಸಿಸ್ಟಾಟಿನ್ ಕೂಡ ಕಿಡ್ನಿಯ ಕೆಲಸ ತೋರಿಸುವ ರಕ್ತ ಪರೀಕ್ಷೆಯೇ, ಆದರೆ ಅದಕ್ಕೂ ಈ ಪುಡಿಗೂ ಸಂಬಂಧವಿಲ್ಲ. ಎರಡೂ ನಾರ್ಮಲ್ ಬಂದವು.

ಆರೋಗ್ಯವಂತರು ಈ ಪ್ರಮಾಣದಲ್ಲಿ ತಗೊಂಡರೆ ಕಿಡ್ನಿ ಕೆಡುತ್ತದೆ ಅನ್ನೋದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಮೊದಲೇ ಕಿಡ್ನಿ ತೊಂದರೆ, ಬಿಪಿ, ಶುಗರ್ ಇರುವವರು ಮಾತ್ರ ಡಾಕ್ಟರನ್ನು ಕೇಳದೆ ಡಬ್ಬಿ ತೆಗೆಯಬೇಡಿ. ಶುರು ಮಾಡುವ ಮುಂಚೆಯೇ ಒಂದು ಸಲ ಕ್ರಿಯಾಟಿನಿನ್ ನೋಡಿಸಿಟ್ಟುಕೊಂಡರೆ ಆಮೇಲೆ ಹೋಲಿಸಲು ನಿಮ್ಮದೇ ಅಂಕಿ ಇರುತ್ತದೆ. ರಕ್ತ ಕೊಡುವ ಹಿಂದಿನ ದಿನ ಭಾರೀ ವರ್ಕೌಟ್ ಬೇಡ, ಅದರಿಂದಲೂ ಕ್ರಿಯಾಟಿನಿನ್ ಏರುತ್ತದೆ.