ಲೇಆಫ್, ರಿಟ್ರೆಂಚ್‌ಮೆಂಟ್, ಮುಚ್ಚುವಿಕೆ: ನಿಮ್ಮದು ಯಾವುದು?

ಕುಂಬಳೆ ಕಡೆಯ ಒಂದು ಪ್ಲೈವುಡ್ ಕಾರ್ಖಾನೆ ಎಂದುಕೊಳ್ಳಿ. ಅಲ್ಲಿ 60 ಕಾರ್ಮಿಕರು, ನಿಮಗೆ ಮೂಲವೇತನ, ತುಟ್ಟಿಭತ್ಯೆ ಸೇರಿ ದಿನಕ್ಕೆ 600 ರೂಪಾಯಿ, ಸೇವೆ 8 ವರ್ಷ 7 ತಿಂಗಳು.

ಮರ ಬಾರದೆ ಕೆಲಸ ನಿಂತರೆ ಅದು ಲೇಆಫ್. ನೌಕರಿ ಹೋಗುವುದಿಲ್ಲ, ವಾರದ ರಜೆ ಬಿಟ್ಟು ದಿನಕ್ಕೆ 300 ರೂಪಾಯಿ ಸಿಗಬೇಕು. ಆದರೆ ದಿನವೂ ಹೊತ್ತಿಗೆ ಸರಿಯಾಗಿ ಹೋಗಿ ಹಾಜರಿ ಹಾಕಬೇಕು. ಮನೆಯಲ್ಲೇ ಕೂತವರು ಹಣ ಕಳೆದುಕೊಳ್ಳುವುದು ಇಲ್ಲಿಯೇ.

ಹೆಚ್ಚಾದ ಆಳೆಂದು ನಿಮ್ಮನ್ನು ತೆಗೆದರೆ ರಿಟ್ರೆಂಚ್‌ಮೆಂಟ್. ಕಾರಣ ಬರೆದ ಒಂದು ತಿಂಗಳ ನೋಟಿಸು, ಇಲ್ಲವೇ ಆ ತಿಂಗಳ ಸಂಬಳ ಕೊಡಬೇಕು. ಜೊತೆಗೆ ವರ್ಷಕ್ಕೆ 15 ದಿನದ ಪರಿಹಾರ. ಆರು ತಿಂಗಳು ದಾಟಿದ್ದರಿಂದ 9 ವರ್ಷ ಎಂದೇ ಲೆಕ್ಕ: 600 × 15 × 9, ಅಂದರೆ 81,000 ರೂಪಾಯಿ. ಗ್ರಾಚ್ಯುಟಿ ಬೇರೆ.

ಕಾರ್ಖಾನೆಯೇ ಮುಚ್ಚಿದರೆ ಮಾಲೀಕರು 60 ದಿನ ಮೊದಲೇ ಸರ್ಕಾರಕ್ಕೆ ತಿಳಿಸಬೇಕು. ನಿಮ್ಮ ನೋಟಿಸು, ಪರಿಹಾರ ರಿಟ್ರೆಂಚ್‌ಮೆಂಟಿನಷ್ಟೇ. ಮಾಲೀಕರ ಕೈಮೀರಿದ ಕಾರಣದಿಂದ ಮುಚ್ಚಿದ್ದಾದರೆ ಮಾತ್ರ ಪರಿಹಾರ ಮೂರು ತಿಂಗಳ ಸಂಬಳ ದಾಟುವುದಿಲ್ಲ; ಬರೀ ನಷ್ಟ ಅಂಥ ಕಾರಣವಲ್ಲ.

ಬಾಯಲ್ಲಿ ಲೇಆಫ್ ಎಂದು ಹೇಳಿ ಹಾಜರಿ ಪುಸ್ತಕದಿಂದ ಹೆಸರು ಹೊಡೆದುಹಾಕಿದ್ದರೆ ಅದು ಲೇಆಫ್ ಅಲ್ಲ. ಕಾಗದ ಮಲಯಾಳದಲ್ಲಿದ್ದರೆ ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಿ. ‘ರಾಜೀನಾಮೆ’ ಎಂಬ ಒಂದು ಪದ ಆ 81,000 ರೂಪಾಯಿಯನ್ನೇ ನುಂಗೀತು.